‘ಕಡಿಮೆ ಸಕ್ಕರೆ’ ಎಂದರೆ ಯಾವುದಕ್ಕಿಂತ, ಎಷ್ಟು ಕಡಿಮೆ? ನಮ್ಮ ಹೊಸ ಮೈಸೂರು ಪಾಕಿನ ಫಲಕವನ್ನು ಓದುವ ಬಗೆ

ಹಾಸನದ ಸಂತೆಪೇಟೆಗೆ ಹತ್ತಿರವಿರುವ ನಮ್ಮ ಮಿಠಾಯಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಈಗ ಮೈಸೂರು ಪಾಕಿನ ಎರಡು ತಟ್ಟೆಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು, ನನ್ನ ತಂದೆಯವರ ಕಾಲದಿಂದ ಮಾಡಿಕೊಂಡು ಬಂದದ್ದು. ಇನ್ನೊಂದರ ಮುಂದೆ ‘ಸಕ್ಕರೆ ಕಡಿಮೆ ಮಾಡಿದ ಮೈಸೂರು ಪಾಕ್: ನಮ್ಮ ಮಾಮೂಲಿ ಮೈಸೂರು ಪಾಕಿಗೆ ಹೋಲಿಸಿದರೆ 100 ಗ್ರಾಂನಲ್ಲಿ ಸಕ್ಕರೆ ಶೇ. 25ಕ್ಕಿಂತ ಹೆಚ್ಚು ಇಳಿದಿದೆ’ ಎಂಬ ಫಲಕವಿದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಅಂಗಡಿಯ ಮುಂದೆ ಸೇರುವ ಜನರಿಗೆ ಈ ಸಾಲನ್ನು ನಿಂತು ಓದಲು ಪುರುಸೊತ್ತು ಇರುವುದಿಲ್ಲ, ವಿವರಿಸಿ ಹೇಳಲು ನಮಗೂ ಆಗುವುದಿಲ್ಲ. ಆದ್ದರಿಂದ ಆ ಫಲಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇದನ್ನು ಓದಿದವರು ನಮ್ಮ ಅಂಗಡಿಯ ಫಲಕವನ್ನು ಮಾತ್ರವಲ್ಲ, ಬೇರೆ ಯಾವ ಮಿಠಾಯಿ ಅಂಗಡಿಯ ಫಲಕವನ್ನಾದರೂ ಇದೇ ರೀತಿಯಲ್ಲಿ ಪರೀಕ್ಷಿಸಬಹುದು.

ಫಲಕ ಇಟ್ಟ ಮೊದಲ ದಿನವೇ, ಪ್ರತಿ ಶನಿವಾರ ಮೊಮ್ಮಕ್ಕಳಿಗೆಂದು ಖಾರ ಕೊಳ್ಳಲು ಬರುವ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು.

“ಏನಪ್ಪಾ, ಇದು ಶುಗರ್ ಇರೋರು ತಿನ್ನೋದಾ?” ಎಂದು ಕೇಳಿದರು.

“ಅಲ್ಲ ಸಾರ್, ಇದರಲ್ಲೂ ಸಕ್ಕರೆ ಇದೆ. ಹಳೇದಕ್ಕಿಂತ ಕಡಿಮೆ ಇದೆ, ಅಷ್ಟೇ” ಎಂದೆ.

“ಹಳೇದರಲ್ಲಿ ಎಷ್ಟಿತ್ತು ಅಂತ ನೀನು ಬರೆದಿಲ್ಲವಲ್ಲ, ನಾನು ಹೇಗೆ ಲೆಕ್ಕ ಹಾಕಲಿ?” ಎಂದರು.

ಅವರು ಕೇಳಿದ್ದು ಸರಿಯಾಗಿತ್ತು. ಮರುದಿನವೇ ಎರಡೂ ತಟ್ಟೆಗಳ ಮುಂದೆ ಅಂಕಿಗಳನ್ನು ಬರೆದಿಟ್ಟೆವು.

ಮೊದಲ ಹೆಜ್ಜೆ: ‘ಕಡಿಮೆ’ ಎಂಬ ಮಾತನ್ನು ಬಿಡಿಸಿಕೊಳ್ಳುವುದು

ಕನ್ನಡದಲ್ಲಿ ‘ಕಡಿಮೆ ಸಕ್ಕರೆ’ ಎಂಬ ಮಾತಿಗೆ ಎರಡು ಅರ್ಥಗಳು ಬರುತ್ತವೆ. ತಿನಿಸಿನಲ್ಲಿ ಇರುವ ಸಕ್ಕರೆಯೇ ಅತ್ಯಲ್ಪ ಎಂಬುದು ಒಂದು; ಮೊದಲು ಇದ್ದದ್ದಕ್ಕಿಂತ ಇಳಿಸಲಾಗಿದೆ ಎಂಬುದು ಇನ್ನೊಂದು. ಮಾತಿನಲ್ಲಿ ಇವೆರಡೂ ಬೆರೆತುಹೋದರೂ ಕಾನೂನಿನಲ್ಲಿ ಇವು ಬೇರೆ ಬೇರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಮಾಡಿದ ನಿಯಮಾವಳಿಯ ಪ್ರಕಾರ, ಘನ ತಿನಿಸೊಂದನ್ನು ಮೊದಲನೆಯ ಅರ್ಥದಲ್ಲಿ ‘ಕಡಿಮೆ ಸಕ್ಕರೆಯದು’ ಎಂದು ಕರೆಯಬೇಕಾದರೆ ಅದರ 100 ಗ್ರಾಂನಲ್ಲಿ 5 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಕೂಡದು. ‘ಸಕ್ಕರೆ ರಹಿತ’ ಎನ್ನಬೇಕಾದರೆ ಅರ್ಧ ಗ್ರಾಂಗಿಂತ ಹೆಚ್ಚು ಇರಕೂಡದು. ‘ಸಕ್ಕರೆ ಇಳಿಸಿದ್ದು’ ಎಂಬುದು ಹೋಲಿಕೆಯ ಮಾತು; ಅದಕ್ಕೆ ಅದೇ ಬಗೆಯ ತಿನಿಸಿಗೆ ಹೋಲಿಸಿದಾಗ ಕನಿಷ್ಠ ಶೇ. 25ರಷ್ಟು ವ್ಯತ್ಯಾಸ ಇರಬೇಕು, ಯಾವುದಕ್ಕೆ ಹೋಲಿಸಿದ್ದು ಎಂಬುದೂ ಗ್ರಾಹಕರಿಗೆ ತಿಳಿಯುವಂತಿರಬೇಕು.

ನಮ್ಮ ಹೊಸ ಮೈಸೂರು ಪಾಕ್ ಮೂರನೆಯ ಗುಂಪಿಗೆ ಸೇರಿದ್ದು. ಮೊದಲೆರಡು ಗುಂಪುಗಳಿಗೆ ಅದು ಸೇರುವುದಿಲ್ಲ, ಹತ್ತಿರವೂ ಬರುವುದಿಲ್ಲ. ಅದರ 100 ಗ್ರಾಂನಲ್ಲಿ ನಾವು ಹಾಕಿದ ಸಕ್ಕರೆಯೇ ಸುಮಾರು 30 ಗ್ರಾಂ ಇದೆ. ಈ ಕಾರಣಕ್ಕೇ ಫಲಕದಲ್ಲಿ ‘ಕಡಿಮೆ ಸಕ್ಕರೆಯ’ ಎಂದು ಬರೆಯದೆ ‘ಸಕ್ಕರೆ ಕಡಿಮೆ ಮಾಡಿದ’ ಎಂದು ಬರೆಸಿದೆವು. ಬರೆಯುವ ಹುಡುಗ ಜಾಗ ಸಾಲುವುದಿಲ್ಲವೆಂದು ‘ಮಾಡಿದ’ ಎಂಬುದನ್ನು ಬಿಟ್ಟಿದ್ದ; ಅಕ್ಷರ ಚಿಕ್ಕದಾದರೂ ಆಗಲಿ, ಆ ಪದ ಇರಲೇಬೇಕೆಂದು ತಿದ್ದಿಸಿದೆ. ಯಾವುದೇ ಅಂಗಡಿಯಲ್ಲಿ ಇಂತಹ ಮಾತು ಕಂಡಾಗ ‘ಯಾವುದಕ್ಕಿಂತ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಫಲಕದಿಂದ ನಿಮಗೆ ಯಾವ ಮಾಹಿತಿಯೂ ದೊರೆತಿಲ್ಲವೆಂದೇ ತಿಳಿಯಬೇಕು.

ಎರಡನೆಯ ಹೆಜ್ಜೆ: ಬಾಣಲೆಯ ಲೆಕ್ಕವನ್ನೂ ತಟ್ಟೆಯ ಲೆಕ್ಕವನ್ನೂ ಬೇರೆ ಮಾಡುವುದು

ಈ ವಿಷಯದಲ್ಲಿ ನಾನೇ ತಪ್ಪಿದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮಾಮೂಲಿ ಮೈಸೂರು ಪಾಕಿನ ಒಂದು ಬಾಣಲೆಗೆ 1 ಕಿಲೋ ಕಡಲೆ ಹಿಟ್ಟು, 2 ಕಿಲೋ ಸಕ್ಕರೆ, ಒಂದೂವರೆ ಕಿಲೋ ತುಪ್ಪ ಬೀಳುತ್ತವೆ. ಪಾಕಕ್ಕೆ ಹಾಕಿದ ನೀರು ಬಹುಪಾಲು ಆವಿಯಾಗಿ ಹೋಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಟ್ಟು ನಾಲ್ಕೂವರೆ ಕಿಲೋ ತಿನಿಸು ಸಿಗುತ್ತದೆ. ಅದರಲ್ಲಿ 2 ಕಿಲೋ ಸಕ್ಕರೆ ಎಂದರೆ 100 ಗ್ರಾಂಗೆ ಸುಮಾರು 44 ಗ್ರಾಂ.

ಮೊದಲ ಪ್ರಯತ್ನದಲ್ಲಿ ನಾವು ಹಿಟ್ಟನ್ನೂ ತುಪ್ಪವನ್ನೂ ಹಾಗೆಯೇ ಇಟ್ಟು ಸಕ್ಕರೆಯನ್ನು ಮಾತ್ರ 2 ಕಿಲೋದಿಂದ 1 ಕಿಲೋ 200 ಗ್ರಾಂಗೆ ಇಳಿಸಿದೆವು. ಸಕ್ಕರೆಯ ಡಬ್ಬದಿಂದ ನೋಡಿದರೆ ಇದು ಶೇ. 40ರಷ್ಟು ಇಳಿಕೆ. ‘ಶೇ. 40 ಕಡಿಮೆ ಸಕ್ಕರೆ’ ಎಂದು ಫಲಕ ಬರೆಸಲು ನಾನು ಹೇಳಿಯೂ ಆಗಿತ್ತು. ಆದರೆ ಗ್ರಾಹಕರು ಬಾಣಲೆಯನ್ನು ಕೊಳ್ಳುವುದಿಲ್ಲ, ತೂಕಕ್ಕೆ ಕೊಳ್ಳುತ್ತಾರೆ. ಸಕ್ಕರೆ ಇಳಿದಾಗ ಒಟ್ಟು ತಿನಿಸೂ 4 ಕಿಲೋ 500 ಗ್ರಾಂನಿಂದ 3 ಕಿಲೋ 700 ಗ್ರಾಂಗೆ ಇಳಿಯುತ್ತದೆ. 3,700 ಗ್ರಾಂನಲ್ಲಿ 1,200 ಗ್ರಾಂ ಸಕ್ಕರೆ ಎಂದರೆ 100 ಗ್ರಾಂಗೆ ಸುಮಾರು 32 ಗ್ರಾಂ. 44ರಿಂದ 32ಕ್ಕೆ ಇಳಿದದ್ದು ಶೇ. 27ರಷ್ಟು ಮಾತ್ರ. ಬಾಣಲೆಯ ಲೆಕ್ಕದ 40, ಗ್ರಾಹಕರ ಕೈಗೆ ಬರುವ ಹೊತ್ತಿಗೆ 27 ಆಗಿತ್ತು. ಎರಡೂ ಅಂಕಿಗಳು ಲೆಕ್ಕದಲ್ಲಿ ನಿಜವೇ. ಆದರೆ ಫಲಕದಲ್ಲಿ ಹಾಕಬೇಕಾದದ್ದು ಎರಡನೆಯದು ಮಾತ್ರ.

ಆದ್ದರಿಂದ ‘ಶೇ. ಇಷ್ಟು ಕಡಿಮೆ’ ಎಂದು ಕಂಡಾಗ ಅದು 100 ಗ್ರಾಂ ತಿನಿಸಿನ ಲೆಕ್ಕವೇ, ಹಾಕಿದ ಸಕ್ಕರೆಯ ಲೆಕ್ಕವೇ ಎಂದು ವಿಚಾರಿಸಿ. ಡಬ್ಬದಲ್ಲಿ ಮುಚ್ಚಿ ಮಾರುವ ಸಿಹಿಯಾದರೆ ಅದರ ಹಿಂಬದಿಯ ಪೋಷಕಾಂಶಗಳ ಪಟ್ಟಿಯಲ್ಲಿ ‘ಒಟ್ಟು ಸಕ್ಕರೆ’ ಮತ್ತು ‘ಸೇರಿಸಿದ ಸಕ್ಕರೆ’ ಎಂಬ ಎರಡು ಸಾಲುಗಳು ಇರುತ್ತವೆ. ಅದೇ ಅಂಗಡಿಯ ಮಾಮೂಲಿ ಸಿಹಿಯ ಡಬ್ಬವನ್ನೂ ಕೈಗೆ ತೆಗೆದುಕೊಂಡು ‘ಒಟ್ಟು ಸಕ್ಕರೆ’ಯ ಸಾಲುಗಳನ್ನು ಹೋಲಿಸಿದರೆ ನಿಜ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಸಕ್ಕರೆ ಹೋದ ಜಾಗಕ್ಕೆ ಏನು ಬಂತು ಎಂದು ನೋಡುವುದು

ಸಕ್ಕರೆ ಇಳಿದರೆ ಕ್ಯಾಲೊರಿಯೂ ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. 1 ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ ಇರುತ್ತದೆ, 1 ಗ್ರಾಂ ತುಪ್ಪದಲ್ಲಿ 9, ಕಡಲೆ ಹಿಟ್ಟಿನಲ್ಲಿ ಸುಮಾರು 3.8. ಇದನ್ನು ಹಿಡಿದು ಲೆಕ್ಕ ಹಾಕಿದರೆ ನಮ್ಮ ಮಾಮೂಲಿ ಮೈಸೂರು ಪಾಕಿನ 100 ಗ್ರಾಂನಲ್ಲಿ ಸುಮಾರು 560 ಕ್ಯಾಲೊರಿ ಬರುತ್ತದೆ. ಸಕ್ಕರೆಯನ್ನು ಮಾತ್ರ ಇಳಿಸಿದ ಮೊದಲ ಪ್ರಯತ್ನದ ತಿನಿಸಿನಲ್ಲಿ ಅದು ಸುಮಾರು 600 ಆಯಿತು. ಸಕ್ಕರೆ ಕಡಿಮೆಯಾಯಿತು, ಕ್ಯಾಲೊರಿ ಹೆಚ್ಚಾಯಿತು. ಕಾರಣ ಸರಳವಾಗಿದೆ: ಸಕ್ಕರೆ ತೆಗೆದ ಮೇಲೆ ಉಳಿದ ತಿನಿಸಿನಲ್ಲಿ ತುಪ್ಪದ ಪಾಲು ಹೆಚ್ಚಾಗುತ್ತದೆ, ತುಪ್ಪವು ಸಕ್ಕರೆಯ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿಯನ್ನು ಹೊತ್ತುಕೊಂಡಿರುತ್ತದೆ.

ಆ ತಿನಿಸು ಬಾಣಲೆಯಲ್ಲಿಯೂ ನಮ್ಮನ್ನು ಸತಾಯಿಸಿತು. ಮೈಸೂರು ಪಾಕಿನಲ್ಲಿ ಸಕ್ಕರೆ ರುಚಿಗೆ ಮಾತ್ರ ಇರುವುದಲ್ಲ. ಅದರ ಮೈಕಟ್ಟೇ ಸಕ್ಕರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೆಳೆ ನಿಲ್ಲುವ ಹದಕ್ಕೆ ಬಂದ ಪಾಕದಲ್ಲಿ ಹಿಟ್ಟು ಬೇಯಬೇಕು. ಕಾದ ತುಪ್ಪವನ್ನು ಸೌಟು ಸೌಟಾಗಿ ಸುರಿದಾಗ ಅದು ಚುರ್ ಎಂದು ನೊರೆಯೆದ್ದು ಹಿಟ್ಟಿನೊಳಗೆ ಸಣ್ಣ ಸಣ್ಣ ರಂಧ್ರಗಳನ್ನು ಬಿಡಬೇಕು. ಆ ರಂಧ್ರಗಳ ಗೋಡೆಗಳನ್ನು, ತಣಿಯುವಾಗ ಗಟ್ಟಿಯಾಗುವ ಸಕ್ಕರೆಯೇ ಹಿಡಿದು ನಿಲ್ಲಿಸಬೇಕು. ಪಾಕ ಕಡಿಮೆಯಾದಾಗ ಹಿಟ್ಟು ನೆನೆಯುವಷ್ಟು ದ್ರವವೇ ಇರಲಿಲ್ಲ. ನೊರೆ ಎದ್ದು ಕೂಡಲೇ ಕುಸಿಯಿತು. ತಟ್ಟೆಗೆ ಸುರಿದ ಅರ್ಧ ಗಂಟೆಯಲ್ಲಿ ಅಂಚಿನಲ್ಲೆಲ್ಲ ತುಪ್ಪ ಒಸರಿತು, ಚಾಕು ಇಟ್ಟರೆ ತುಂಡಾಗದೆ ಪುಡಿಯಾಯಿತು, ಬಾಯಿಗೆ ಹಾಕಿಕೊಂಡರೆ ಹಸಿ ಹಿಟ್ಟಿನ ವಾಸನೆ. ನಮ್ಮ ಭಟ್ಟರು ಒಂದು ಚೂರನ್ನು ನಾಲಿಗೆಯ ಮೇಲಿಟ್ಟು, “ಇದಕ್ಕೆ ಪಾಕ ಅನ್ನೋ ಹೆಸರು ಬೇಡ ಸ್ವಾಮಿ” ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಹಾಗಾಗಿ ಮೂರನ್ನೂ ಬದಲಿಸಬೇಕಾಯಿತು. ಹಲವು ಬಾಣಲೆಗಳ ನಂತರ ನಿಂತ ಅಳತೆ ಇದು: ಕಡಲೆ ಹಿಟ್ಟು 1 ಕಿಲೋ 300 ಗ್ರಾಂ, ಸಕ್ಕರೆ 1 ಕಿಲೋ 100 ಗ್ರಾಂ, ತುಪ್ಪ 1 ಕಿಲೋ 300 ಗ್ರಾಂ. ಹಿಟ್ಟನ್ನು ಜರಡಿ ಹಿಡಿದು, ತುಪ್ಪದ ಒಂದು ಪಾಲಿನಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವವರೆಗೆ ಮೊದಲೇ ಹುರಿಯುತ್ತೇವೆ. ಪಾಕದಲ್ಲಿ ಬೇಯಲು ಸಿಗದ ಹದವನ್ನು ಹಿಟ್ಟಿಗೆ ಹೀಗೆ ಮೊದಲೇ ಕೊಡಬೇಕಾಗುತ್ತದೆ. ಒಟ್ಟು 3 ಕಿಲೋ 700 ಗ್ರಾಂ ತಿನಿಸಿಗೆ 1,100 ಗ್ರಾಂ ಸಕ್ಕರೆ, ಎಂದರೆ 100 ಗ್ರಾಂಗೆ ಸುಮಾರು 30 ಗ್ರಾಂ. ಕಾಗದದ ಮೇಲೆ ಇದು ಮಾಮೂಲಿಗಿಂತ ಮೂರನೆಯ ಒಂದು ಭಾಗ ಕಡಿಮೆ.

ಹಾಗಿದ್ದರೆ ಫಲಕದಲ್ಲಿ ‘ಶೇ. 33’ ಎಂದು ಬರೆಯದೆ ‘ಶೇ. 25ಕ್ಕಿಂತ ಹೆಚ್ಚು’ ಎಂದು ಬರೆದದ್ದೇಕೆ ಎಂದು ಕೇಳಬಹುದು. ಕಡಲೆ ಹಿಟ್ಟಿನಲ್ಲಿಯೂ ತನ್ನದೇ ಆದ ಸ್ವಲ್ಪ ಸಕ್ಕರೆ ಇರುತ್ತದೆ. ಹೊಸ ತಿನಿಸಿನಲ್ಲಿ ಹಿಟ್ಟಿನ ಪಾಲು ಹೆಚ್ಚಿರುವುದರಿಂದ ಆ ಸಕ್ಕರೆಯೂ ಹೆಚ್ಚಿರುತ್ತದೆ, ಆದ್ದರಿಂದ ಒಟ್ಟು ಸಕ್ಕರೆಯ ಲೆಕ್ಕದಲ್ಲಿ ಇಳಿಕೆ 33ಕ್ಕಿಂತ ಕೆಳಗೆ ಬರುತ್ತದೆ. ಜೊತೆಗೆ ಕೈಯಿಂದ ಮಾಡುವ ತಿನಿಸು ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಒಂದು ದಿನ ತುಪ್ಪ ಹೆಚ್ಚು ಬಸಿದರೆ ಉಳಿದದ್ದರಲ್ಲಿ ಸಕ್ಕರೆಯ ಪಾಲು ಏರುತ್ತದೆ. ಹೇಳಿದ್ದಕ್ಕಿಂತ ಒಳ್ಳೆಯದಾಗಿರುವ ದಿನ ತೊಂದರೆಯಿಲ್ಲ, ಹೇಳಿದ್ದಕ್ಕಿಂತ ಕೆಟ್ಟದಾಗಿರುವ ದಿನ ಇರಬಾರದು.

ಈ ಅಳತೆಯಲ್ಲಿ 100 ಗ್ರಾಂಗೆ ಕ್ಯಾಲೊರಿ ಸುಮಾರು 570. ಮಾಮೂಲಿಯದು 560 ಇತ್ತು. ಎಂದರೆ, ಬಹಳ ಪಾಡುಪಟ್ಟು ನಾವು ಕ್ಯಾಲೊರಿಯನ್ನು ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿದೆವೇ ಹೊರತು ಇಳಿಸಲಿಲ್ಲ. ತೂಕ ಇಳಿಸಿಕೊಳ್ಳಬೇಕೆಂದಿರುವವರಿಗೆ ಈ ಮೈಸೂರು ಪಾಕಿನಿಂದ ಯಾವ ಅನುಕೂಲವೂ ಇಲ್ಲ. ಇದನ್ನು ಫಲಕದ ಕೆಳಗಿನ ಸಾಲಿನಲ್ಲಿಯೂ ಬರೆದಿದ್ದೇವೆ: ‘ಕ್ಯಾಲೊರಿ ಕಡಿಮೆ ಇಲ್ಲ.’

ನಾಲ್ಕನೆಯ ಹೆಜ್ಜೆ: 100 ಗ್ರಾಂ ಬಿಟ್ಟು ತುಂಡಿಗೆ ಬರುವುದು

ಯಾರೂ 100 ಗ್ರಾಂ ಎಂದು ಅಳೆದು ತಿನ್ನುವುದಿಲ್ಲ. ನಮ್ಮ ಎರಡೂ ಬಗೆಯ ಮೈಸೂರು ಪಾಕನ್ನು 25 ಗ್ರಾಂ ತೂಗುವ ತುಂಡುಗಳಾಗಿ ಕತ್ತರಿಸುತ್ತೇವೆ. ಮಾಮೂಲಿ ತುಂಡಿನಲ್ಲಿ ಹಾಕಿದ ಸಕ್ಕರೆ ಸುಮಾರು 11 ಗ್ರಾಂ, ಹೊಸದರಲ್ಲಿ ಸುಮಾರು ಏಳೂವರೆ ಗ್ರಾಂ. ಉಳಿತಾಯ ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಒಂದು ಚಿಕ್ಕ ಚಮಚ ಸಕ್ಕರೆ. ಒಂದು ಲೋಟ ಕಾಫಿಗೆ ಹಾಕುವುದರಲ್ಲಿ ಒಂದು ಚಮಚ ಬಿಟ್ಟಂತೆ. ಆದರೆ ‘ಇದರಲ್ಲಿ ಸಕ್ಕರೆ ಕಡಿಮೆ’ ಎಂಬ ಧೈರ್ಯದಿಂದ ಒಂದರ ಜಾಗದಲ್ಲಿ ಎರಡು ತಿಂದರೆ 15 ಗ್ರಾಂ ಆಗಿ, ಮಾಮೂಲಿಯ ಒಂದು ತುಂಡಿಗಿಂತ ಹೆಚ್ಚಾಗುತ್ತದೆ. ಮನೆಯಲ್ಲಿ ನಮ್ಮ ತಾಯಿಯವರು ಮೊದಲ ದಿನ ಹೀಗೆಯೇ ಎರಡು ತುಂಡು ತಿಂದರು. ಅವರನ್ನು ನೋಡಿದ ಮೇಲೆಯೇ ತುಂಡಿನ ಲೆಕ್ಕವನ್ನೂ ಬರೆಯಬೇಕೆಂದು ನನಗೆ ಹೊಳೆದದ್ದು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಸೇರಿಸಿದ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸ ಇವುಗಳಿಂದ ಬರುವ ಸಕ್ಕರೆಯು ದಿನದ ಒಟ್ಟು ಕ್ಯಾಲೊರಿಯ ಶೇ. 10ರೊಳಗೆ ಇರಬೇಕು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ನಮ್ಮ ಹೊಸ ತುಂಡಿನ ಏಳೂವರೆ ಗ್ರಾಂ ಅನ್ನು ಆ 25ರ ಪಕ್ಕದಲ್ಲಿ ಇಟ್ಟು, ಬೆಳಗಿನ ಕಾಫಿ ಮತ್ತು ಸಂಜೆಯ ಬಿಸ್ಕತ್ತುಗಳ ಸಕ್ಕರೆಯನ್ನೂ ಕೂಡಿಸಿ ನೋಡಿ.

ಬೇರೆ ಅಂಗಡಿಗಳಲ್ಲಿ ಇನ್ನೊಂದನ್ನು ಗಮನಿಸಬೇಕು. ‘ಒಂದು ತುಂಡಿಗೆ ಇಷ್ಟೇ ಸಕ್ಕರೆ’ ಎಂದು ಬರೆದಿದ್ದರೆ ಆ ತುಂಡು ಎಷ್ಟು ಗ್ರಾಂ ಎಂದು ಕೇಳಿ, ಆಗದಿದ್ದರೆ ತೂಕದ ಯಂತ್ರದ ಮೇಲೆ ಇಡಿಸಿ. ಅದೇ ತಿನಿಸನ್ನು ಚಿಕ್ಕದಾಗಿ ಕತ್ತರಿಸಿದರೂ ಒಂದು ತುಂಡಿನ ಸಕ್ಕರೆ ಕಡಿಮೆಯಾಗುತ್ತದೆ. ಚಿಕ್ಕ ತುಂಡು ಕೆಟ್ಟದ್ದೇನಲ್ಲ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಜನರಿಗೆ ಅದೇ ಒಳ್ಳೆಯ ದಾರಿ. ಆದರೆ ಅದನ್ನು ಸಕ್ಕರೆ ಇಳಿಸಿದ ತಿನಿಸು ಎಂದು ಕರೆಯುವಂತಿಲ್ಲ.

ಮಧುಮೇಹ ಇರುವವರು ನೋಡಬೇಕಾದ ಸಾಲು ಬೇರೆ

ಫಲಕ ನೋಡಿದ ಹತ್ತು ಜನರಲ್ಲಿ ಅರ್ಧದಷ್ಟು ಜನ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಕೇಳುತ್ತಾರೆ. ಅವರಿಗೆ ನಮ್ಮ ಉತ್ತರ ಒಂದೇ: ಇದು ಮಧುಮೇಹಿಗಳಿಗೆಂದು ಮಾಡಿದ ಸಿಹಿಯಲ್ಲ. ರಕ್ತದ ಸಕ್ಕರೆಯನ್ನು ಏರಿಸುವುದು ನಾವು ಡಬ್ಬದಿಂದ ಹಾಕಿದ ಸಕ್ಕರೆ ಮಾತ್ರವಲ್ಲ, ಹಿಟ್ಟಿನಲ್ಲಿರುವ ಪಿಷ್ಟವೂ ಜೀರ್ಣವಾಗಿ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಇವೆಲ್ಲವನ್ನೂ ಕೂಡಿಸಿದ್ದು ‘ಕಾರ್ಬೋಹೈಡ್ರೇಟ್’ ಎಂಬ ಸಾಲು. ಸಕ್ಕರೆ ಇಳಿಸಿ ಹಿಟ್ಟು ಏರಿಸಿದ್ದರಿಂದ ನಮ್ಮ ಹೊಸ ತುಂಡಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 12ರಿಂದ 13 ಗ್ರಾಂ ಇದೆ, ಮಾಮೂಲಿ ತುಂಡಿನಲ್ಲಿ 14ರಿಂದ 15 ಗ್ರಾಂ ಇತ್ತು. ಸಕ್ಕರೆಯ ಸಾಲಿನಲ್ಲಿ ದೊಡ್ಡದಾಗಿ ಕಂಡ ವ್ಯತ್ಯಾಸ ಈ ಸಾಲಿನಲ್ಲಿ 2 ಗ್ರಾಂಗೆ ಬಂದು ನಿಂತಿತು. ಕಡಲೆ ಹಿಟ್ಟು ಮೈದಾ ಹಿಟ್ಟಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ ಎಂಬುದು ನಿಜ. ಆದರೂ ಅದು ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ.

ಮಾತ್ರೆಯ ಅಥವಾ ಇನ್ಸುಲಿನ್‌ನ ಪ್ರಮಾಣವನ್ನು ನಮ್ಮ ಫಲಕ ನೋಡಿ ಬದಲಿಸಬೇಡಿ. ತಿನ್ನಲೇಬೇಕೆಂಬ ಆಸೆಯಿದ್ದರೆ, ತಿನಿಸಿನ ಕಾರ್ಬೋಹೈಡ್ರೇಟಿನ ಅಂಕಿಯನ್ನು ಬರೆದುಕೊಂಡು ಹೋಗಿ ನಿಮ್ಮ ವೈದ್ಯರನ್ನು ಕೇಳಿ. ಅವರಿಗೆ ಬೇಕಾಗುವುದು ಅದೇ ಅಂಕಿ. ಇನ್ನೊಂದು ಮಾತು: ಮಧುಮೇಹದ ಔಷಧ ತೆಗೆದುಕೊಳ್ಳುವವರಿಗೆ ಕೈ ನಡುಗಿ, ಬೆವರಿ, ರಕ್ತದ ಸಕ್ಕರೆ ತೀರಾ ಇಳಿದಾಗ ಬಾಯಿಗೆ ಮೈಸೂರು ಪಾಕ್ ತುರುಕುವುದನ್ನು ನಾನು ನೋಡಿದ್ದೇನೆ. ತುಪ್ಪವಿರುವ ಸಿಹಿಯಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಆಗ ಎಚ್ಚರವಿರುವವರಿಗೆ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಸಬೇಕು.

ಪೇಡ, ಬೆಲ್ಲ, ಖರ್ಜೂರ

ಹಾಲಿನ ಪೇಡವನ್ನೂ ಈ ಸಾಲಿಗೆ ಸೇರಿಸಿ ಎಂದು ಕೇಳಿದವರಿದ್ದಾರೆ. ಸೇರಿಸಲು ಪ್ರಯತ್ನಪಟ್ಟೆವು, ಆಗಲಿಲ್ಲ. ಹಾಲಿನಲ್ಲಿಯೇ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. 1 ಲೀಟರ್ ಹಾಲಿನಲ್ಲಿ ಅದು ಸುಮಾರು 45 ಗ್ರಾಂ ಇರುತ್ತದೆ. ಆ ಹಾಲನ್ನು ಬತ್ತಿಸಿ ಸುಮಾರು 200 ಗ್ರಾಂ ಖೋವಾ ತೆಗೆದಾಗ ನೀರು ಹೋಗುತ್ತದೆಯೇ ಹೊರತು ಲ್ಯಾಕ್ಟೋಸ್ ಹೋಗುವುದಿಲ್ಲ. ಹೀಗೆ ಒಂದು ಕಾಳು ಸಕ್ಕರೆ ಹಾಕದ ಬರೀ ಖೋವಾದ 100 ಗ್ರಾಂನಲ್ಲಿಯೇ 20 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. 5 ಗ್ರಾಂನ ಗಡಿಯೊಳಗೆ ಅದು ಬರುವ ಮಾತೇ ಇಲ್ಲ. ನಾವು 1 ಕಿಲೋ ಖೋವಾಕ್ಕೆ 300 ಗ್ರಾಂ ಸಕ್ಕರೆ ಹಾಕುತ್ತೇವೆ. ಅದನ್ನು ಸರಿಯಾಗಿ ಅರ್ಧಕ್ಕೆ, 150 ಗ್ರಾಂಗೆ ಇಳಿಸಿದರೂ, ಲ್ಯಾಕ್ಟೋಸ್ ಸೇರಿಸಿದ ಒಟ್ಟು ಸಕ್ಕರೆ 100 ಗ್ರಾಂಗೆ ಸುಮಾರು 40ರಿಂದ 32ಕ್ಕೆ ಇಳಿಯುತ್ತದೆ. ಅದು ಶೇ. 20 ಮಾತ್ರ. ಸಕ್ಕರೆ ಅರ್ಧ ಮಾಡಿದರೂ ‘ಸಕ್ಕರೆ ಕಡಿಮೆ ಮಾಡಿದ’ ಎನ್ನುವ ಹಕ್ಕು ಬರಲಿಲ್ಲ. ಅರ್ಧ ಸಕ್ಕರೆಯ ಪೇಡ ಬೇಕೆನ್ನುವವರಿಗೆ ಒಂದು ದಿನ ಮೊದಲೇ ಹೇಳಿದರೆ ಮಾಡಿಕೊಡುತ್ತೇವೆ, ಆದರೆ ಅದರ ಮುಂದೆ ಫಲಕ ಇಡುವುದಿಲ್ಲ. ಅದು ಬೇಗ ಕೆಡುತ್ತದೆ ಎಂಬುದನ್ನೂ ಹೇಳಿಯೇ ಕೊಡುತ್ತೇವೆ. ಹಾಲಿನ ಸಿಹಿಯಲ್ಲಿ ಸಕ್ಕರೆಯು ತೇವವನ್ನು ಹಿಡಿದಿಟ್ಟು ಬೂಷ್ಟು ಬೆಳೆಯದಂತೆ ತಡೆಯುತ್ತಿರುತ್ತದೆ; ಅದು ಕಡಿಮೆಯಾದರೆ ಮಳೆಗಾಲದಲ್ಲಿ ಪೇಡದ ಮೈಮೇಲೆ ಬಿಳಿ ಚುಕ್ಕೆ ಕಾಣಿಸಲು ಹೆಚ್ಚು ದಿನ ಬೇಡ.

‘ಸಕ್ಕರೆ ಹಾಕಿಲ್ಲ, ಬೆಲ್ಲದ್ದು’ ಎಂಬ ಮಾತು ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ಬೆಲ್ಲಕ್ಕೆ ಅದರದೇ ರುಚಿ, ಪರಿಮಳ ಇದೆ. ಕಾಯಿ ಹೋಳಿಗೆಯನ್ನು ಸಕ್ಕರೆಯಲ್ಲಿ ಮಾಡಿದರೆ ನನಗೆ ಒಗ್ಗುವುದಿಲ್ಲ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನುತುಪ್ಪದ ಕಥೆಯೂ ಅಷ್ಟೇ. ನಿಯಮದಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎನ್ನಬೇಕಾದರೆ ಯಾವ ಬಗೆಯ ಸಕ್ಕರೆಯನ್ನೂ ಸೇರಿಸಿರಬಾರದು, ಸಕ್ಕರೆಯ ಬದಲಿಗೆಂದು ಒಣಹಣ್ಣಿನ ಪೇಸ್ಟ್‌ನಂತಹದ್ದನ್ನೂ ಸೇರಿಸಿರಬಾರದು. ಹಾಗಾಗಿ ಖರ್ಜೂರ ಅರೆದು ಕಟ್ಟಿದ ಉಂಡೆಗೆ ಆ ಹೆಸರು ಸಲ್ಲುವುದಿಲ್ಲ. ಒಣ ಖರ್ಜೂರದ ತೂಕದಲ್ಲಿ ಮೂರನೆಯ ಎರಡು ಭಾಗದಷ್ಟು ಸಕ್ಕರೆಯೇ ಇರುತ್ತದೆ. ನಮ್ಮಲ್ಲಿ ಆ ಉಂಡೆಗಳ ಹೆಸರು ‘ಖರ್ಜೂರದ ಉಂಡೆ’, ಅಷ್ಟೇ.

ಬೇರೆ ಸಿಹಿಕಾರಕ ಏಕೆ ಹಾಕಲಿಲ್ಲ

ಸುಕ್ರಲೋಸ್, ಸ್ಟೀವಿಯಾದಂತಹವು ಚಿಟಿಕೆಯಷ್ಟರಲ್ಲಿ ಸಿಹಿ ಕೊಡುತ್ತವೆ, ಆದರೆ ಅವಕ್ಕೆ ಮೈ ಇಲ್ಲ. ಎರಡು ಕಿಲೋ ಸಕ್ಕರೆ ತುಂಬುತ್ತಿದ್ದ ಜಾಗವನ್ನು ಅವು ತುಂಬಲಾರವು. ಆಸ್ಪರ್ಟೇಮ್ ಬಿಸಿಗೆ ತನ್ನ ಸಿಹಿಯನ್ನೇ ಕಳೆದುಕೊಳ್ಳುತ್ತದೆ. ಮೈ ಇರುವ ಮಾಲ್ಟಿಟಾಲ್‌ನಂತಹವನ್ನು ಹಾಕಿದರೆ ಪಾಕ ಬರುತ್ತದೆ, ಆದರೆ ಅದರಲ್ಲಿ ಕ್ಯಾಲೊರಿ ಸೊನ್ನೆಯಲ್ಲ, ಸಕ್ಕರೆಯ ಅರ್ಧದಷ್ಟಾದರೂ ಇರುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಹಬ್ಬದ ದಿನ ಮಕ್ಕಳ ಕೈಗೂ ಹೋಗುವ ತಿನಿಸಿನಲ್ಲಿ ಅದು ನಮಗೆ ಬೇಡವೆನಿಸಿತು. ತೂಕ ನಿಯಂತ್ರಣಕ್ಕಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಅವಲಂಬಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು. ‘ಸಕ್ಕರೆ ರಹಿತ’ ಎಂದು ಬರೆದ ಸಿಹಿಯನ್ನು ಬೇರೆಡೆ ಕೊಳ್ಳುವವರು ಅದರಲ್ಲಿ ಯಾವ ಸಿಹಿಕಾರಕವಿದೆ ಎಂದು ಕೇಳಿ, ಅದರ ಜೊತೆಗೆ ಕೊಬ್ಬಿನ ಸಾಲನ್ನೂ ನೋಡಿ.

ರುಚಿ, ಬೆಲೆ, ಇಟ್ಟುಕೊಳ್ಳುವ ಬಗೆ

ಹೊಸದು ಹಳೆಯದರಂತೆ ಇರುವುದಿಲ್ಲ. ರಂಧ್ರಗಳು ಕಡಿಮೆ, ಬಣ್ಣ ಸ್ವಲ್ಪ ಗಾಢ, ಹುರಿದ ಕಡಲೆ ಹಿಟ್ಟಿನ ರುಚಿ ಮುಂದಾಗಿರುತ್ತದೆ. ಬಾಯಿಗೆ ಬೇಸನ್ ಬರ್ಫಿಯ ನೆನಪು ಬಂದರೆ ಅದು ಸಹಜ. ಕೊಳ್ಳುವ ಮೊದಲು ಒಂದು ಚೂರು ಕೇಳಿ ರುಚಿ ನೋಡಿ.

ಬೆಲೆ ಕಿಲೋಗೆ ಮಾಮೂಲಿಗಿಂತ ಸ್ವಲ್ಪ ಹೆಚ್ಚಿದೆ. ಸಕ್ಕರೆ ಕಡಿಮೆ ಹಾಕಿದ ಮೇಲೆ ಬೆಲೆ ಇಳಿಯಬೇಕಲ್ಲವೇ ಎಂದು ಕೇಳಿದವರಿಗೆ ಹೇಳುವುದಿಷ್ಟೇ: ಮೂರು ಸಾಮಗ್ರಿಗಳಲ್ಲಿ ಅತಿ ಅಗ್ಗವಾದದ್ದು ಸಕ್ಕರೆ. ಅದು ಇಳಿದು ಕಿಲೋದೊಳಗೆ ಹಿಟ್ಟು ಮತ್ತು ತುಪ್ಪದ ಪಾಲು ಏರಿದೆ. ಹುರಿಯುವ ಕೆಲಸವೂ ಸೇರಿದೆ.

ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ‘ಯಾವ ದಿನಾಂಕದೊಳಗೆ ತಿನ್ನುವುದು ಉತ್ತಮ’ ಎಂದು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮಾಮೂಲಿ ಮೈಸೂರು ಪಾಕಿಗೆ ನಾವು 15 ದಿನ ಹಾಕುತ್ತೇವೆ, ಹೊಸದಕ್ಕೆ 10 ದಿನ. ಗಾಳಿಯಾಡದ ಡಬ್ಬದಲ್ಲಿ, ಒಲೆಯಿಂದ ದೂರ ಇಡಿ. ಒದ್ದೆ ಕೈ ಹಾಕಬೇಡಿ. ಸಕಲೇಶಪುರದ ಕಡೆಗೆ, ಮಳೆ ಬಿಡದ ಊರುಗಳಿಗೆ ಒಯ್ಯುವವರು ಕಡಿಮೆ ಕಡಿಮೆ ಕೊಂಡು ಬೇಗ ಮುಗಿಸುವುದು ಒಳ್ಳೆಯದು. ಮುಚ್ಚಳ ತೆಗೆದಾಗ ತುಪ್ಪ ಕಮಟು ವಾಸನೆ ಹೊಡೆದರೆ, ದಿನಾಂಕ ಮುಗಿದಿರದಿದ್ದರೂ ತಿನ್ನದೆ ಅಂಗಡಿಗೆ ತನ್ನಿ, ಬದಲಿಸಿಕೊಡುತ್ತೇವೆ. ಎರಡೂ ಬಗೆಯ ಮೈಸೂರು ಪಾಕಿನ ಪ್ರಯೋಗಾಲಯದ ವರದಿಗಳು ಗಲ್ಲಾಪೆಟ್ಟಿಗೆಯ ಪಕ್ಕದ ಕಡತದಲ್ಲಿವೆ, ಕೇಳಿದವರಿಗೆ ತೋರಿಸುತ್ತೇವೆ. ಮೇಷ್ಟ್ರು ಕಳೆದ ಶನಿವಾರ ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ‘ಕಾರ್ಬೋಹೈಡ್ರೇಟ್’ ಸಾಲಿನ ಅಂಕಿಯನ್ನು ತಮ್ಮ ಬಸ್ ಟಿಕೆಟಿನ ಹಿಂಬದಿಗೆ ಬರೆದುಕೊಂಡರು, ಒಂದೇ ಒಂದು ತುಂಡನ್ನು ತೂಕಕ್ಕೆ ಹಾಕಿಸಿದರು, ಯಂತ್ರ 26 ಗ್ರಾಂ ತೋರಿಸಿದ್ದನ್ನೂ ಅದರ ಕೆಳಗೆ ಬರೆದುಕೊಂಡರು.